ಟ್ಯಾಂಕಿನ ನೆರಳು, ಮರದ ನೆರಳು, ಸೋಲಾರ್ ಸ್ಟ್ರಿಂಗ್: ದಾವಣಗೆರೆಯ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ದಾವಣಗೆರೆಯ ಮಾಳಿಗೆಗಳ ಮೇಲೆ ಆರು ಪ್ಯಾನೆಲ್‌ನ, ಮೂರು ಕಿಲೋವ್ಯಾಟ್‌ನ ಸೋಲಾರ್ ಸಾಮಾನ್ಯವಾಗಿದೆ. ಬೇಸಿಗೆಯಲ್ಲಿ ಹಾಕಿಸಿಕೊಂಡವರು ಚಳಿಗಾಲ ಬಂದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಬಿಸಿಲು ಚೆನ್ನಾಗಿಯೇ ಇದೆ, ಯೂನಿಟ್ ಮಾತ್ರ ಕಡಿಮೆ, ಯಾಕೆ?" ಹೆಚ್ಚಿನ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ನೀರಿನ ಟ್ಯಾಂಕನ್ನು. ಇಲ್ಲಿನ ಲೆಕ್ಕಗಳೆಲ್ಲ ದಾವಣಗೆರೆಯ ಸೂರ್ಯನಿಗೆ ಹಾಕಿದ್ದು. ಚಿತ್ರದುರ್ಗಕ್ಕೂ ಇವೇ ಸಾಕು, ವ್ಯತ್ಯಾಸ ತೀರಾ ಸಣ್ಣದು.

ನೆರಳು ಬೀಳೋದು ಒಂದೆರಡು ಪ್ಯಾನೆಲ್‌ನ ಮೂಲೆಗೆ. ಆರೂ ಪ್ಯಾನೆಲ್‌ನ ಉತ್ಪಾದನೆ ಯಾಕೆ ಕುಸಿಯುತ್ತದೆ?

ಯಾಕೆಂದರೆ ಆರೂ ಪ್ಯಾನೆಲ್‌ಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಸೇರಿಸಿ ಒಂದೇ ಸಾಲಾಗಿ ಜೋಡಿಸಿರುತ್ತಾರೆ. ಇದೇ ಸ್ಟ್ರಿಂಗ್. ಹೀಗೆ ಜೋಡಿಸಿದಾಗ ಪ್ಯಾನೆಲ್‌ಗಳ ವೋಲ್ಟೇಜ್ ಕೂಡುತ್ತಾ ಹೋಗುತ್ತದೆ. ಕರೆಂಟು ಮಾತ್ರ ಎಲ್ಲದರಲ್ಲೂ ಒಂದೇ. ಮೊದಲನೆಯ ಪ್ಯಾನೆಲ್‌ನಲ್ಲಿ ಎಷ್ಟು ಆಂಪಿಯರ್ ಹರಿಯುತ್ತದೋ ಆರನೆಯದರಲ್ಲೂ ಅಷ್ಟೇ ಹರಿಯಬೇಕು.

ಪ್ಯಾನೆಲ್‌ನೊಳಗಿನ ಒಂದು ಸೆಲ್ ಎಷ್ಟು ಕರೆಂಟು ಕೊಡಬಲ್ಲದು ಅನ್ನೋದು ಅದರ ಮೇಲೆ ಬೀಳುವ ಬೆಳಕಿಗೆ ತಕ್ಕಂತೆ. ಬಿಸಿಲಲ್ಲಿರುವ ಸೆಲ್ ಏಳೆಂಟು ಆಂಪಿಯರ್ ಕೊಡುವಾಗ ಟ್ಯಾಂಕಿನ ನೆರಳಲ್ಲಿರುವ ಸೆಲ್‌ಗೆ ಆಕಾಶದ ಚದುರಿದ ಬೆಳಕು ಮಾತ್ರ ಸಿಗುತ್ತದೆ. ಅದರ ಕೈಲಿ ಒಂದೂವರೆ ಆಂಪಿಯರ್ ಕೊಡೋದೂ ಕಷ್ಟ. ಆದರೆ ಸಾಲಿನಲ್ಲಿ ಕರೆಂಟು ಒಂದೇ ಇರಬೇಕಲ್ವಾ? ಹಾಗಾಗಿ ಆ ಬಡ ಸೆಲ್ ಇಡೀ ಸಾಲಿಗೇ ಮಿತಿ ಹಾಕಿಬಿಡುತ್ತದೆ. ನೆರಳಿನ ಉದ್ದಗಲಕ್ಕಿಂತ ಅದು ಸಾಲಿನಲ್ಲಿ ಎಷ್ಟು ಪ್ಯಾನೆಲ್‌ಗಳನ್ನು ಮುಟ್ಟುತ್ತದೆ ಅನ್ನೋದೇ ಇಲ್ಲಿ ಮುಖ್ಯ.

ಬೈಪಾಸ್ ಡಯೋಡ್ ಇದೆ, ನೆರಳಿನ ಚಿಂತೆ ಬೇಡ ಅಂತ ವೆಂಡರ್ ಹೇಳಿದ್ದರು. ನಿಜವೇ?

ಅರ್ಧ ನಿಜ. ಪ್ಯಾನೆಲ್‌ನ ಹಿಂಭಾಗದ ಜಂಕ್ಷನ್ ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ಮೂರು ಡಯೋಡ್ ಇರುತ್ತವೆ. ಒಂದೊಂದು ಡಯೋಡ್ ಪ್ಯಾನೆಲ್‌ನ ಮೂರನೇ ಒಂದು ಭಾಗವನ್ನು ಕಾಯುತ್ತದೆ. ಆ ಭಾಗದ ಒಂದು ಸೆಲ್ ಕರೆಂಟು ತಡೆದರೆ ಡಯೋಡ್ ತೆರೆದುಕೊಂಡು ಆ ಭಾಗವನ್ನು ಬಿಟ್ಟು ಪಕ್ಕದ ದಾರಿಯಲ್ಲಿ ಕರೆಂಟನ್ನು ಕಳಿಸುತ್ತದೆ. ಸಾಲಿನ ಉಳಿದ ಪ್ಯಾನೆಲ್‌ಗಳು ಪೂರ್ತಿ ಕರೆಂಟಿನಲ್ಲೇ ಓಡುತ್ತವೆ.

ಆದರೆ ದಾಟಿ ಹೋದ ಭಾಗದ ವೋಲ್ಟೇಜ್ ಹೋಯಿತು ಅಂತಲೇ ಲೆಕ್ಕ. ಒಂದೇ ಒಂದು ಸೆಲ್ ನೆರಳಿನಲ್ಲಿದ್ದರೂ ಆ ಮೂರನೇ ಒಂದು ಭಾಗದ ಉಳಿದ ಸೆಲ್‌ಗಳೆಲ್ಲ ಬಿಸಿಲು ಕಾಯುತ್ತಾ ಸುಮ್ನೆ ಕೂತಿರುತ್ತವೆ.

ಈಗ ಬರುವ 540 ವ್ಯಾಟ್‌ನಂಥ ದೊಡ್ಡ ಪ್ಯಾನೆಲ್‌ಗಳು ಹಾಫ್ ಕಟ್. ಅಂದರೆ ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ, ಎರಡೂ ಸಮಾಂತರವಾಗಿ ಸೇರಿರುತ್ತವೆ. ಕೆಳಗಿನ ಅಂಚಿನ ಉದ್ದಕ್ಕೂ ನೆರಳು ಬಿದ್ದರೆ ಮೇಲಿನ ಅರ್ಧ ಇನ್ನೂ ಕೆಲಸ ಮಾಡುತ್ತಿರುತ್ತದೆ. ಆ ಪ್ಯಾನೆಲ್ ಸತ್ತು ಹೋಗುವುದಿಲ್ಲ, ಅದರ ಕರೆಂಟು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದು ನಿಜವಾದ ಉಪಕಾರ. ಹಳೆಯ ಪ್ಯಾನೆಲ್‌ಗಳಲ್ಲಿ ಇಷ್ಟೂ ಇರಲಿಲ್ಲ.

ಏಪ್ರಿಲ್‌ನಲ್ಲಿ ಜಾಗ ನೋಡಲು ಬಂದಾಗ ನೆರಳೇ ಇರಲಿಲ್ಲ. ಡಿಸೆಂಬರ್‌ನಲ್ಲಿ ಎಲ್ಲಿಂದ ಬಂತು?

ಏಪ್ರಿಲ್ ಕೊನೆಯ ವಾರದಲ್ಲಿ ದಾವಣಗೆರೆಯ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೇ ಬರುತ್ತಾನೆ. ಟ್ಯಾಂಕಿನ ನೆರಳು ಟ್ಯಾಂಕಿನ ಕಾಲಡಿಯಲ್ಲೇ ಇರುತ್ತದೆ. ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಹೀಗಾಗುತ್ತದೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ಎಂಟು ತಿಂಗಳಿಗೂ ಜಾಸ್ತಿ ಕಾಲ ಸೂರ್ಯ ದಕ್ಷಿಣದಲ್ಲಿ, ನೆರಳು ಉತ್ತರಕ್ಕೆ.

ಡಿಸೆಂಬರ್ 21ರ ಸುಮಾರಿಗೆ ನೆರಳು ಅತಿ ಉದ್ದ. ಅವತ್ತು ನಮ್ಮ ಊರಿನ ನಿಜವಾದ ನಡುಹಗಲು ಗಡಿಯಾರದ 12 ಗಂಟೆಗಲ್ಲ, ಸುಮಾರು 12:25ಕ್ಕೆ. ಆಗಲೂ ಸೂರ್ಯ 52 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಹತ್ತು ಅಡಿ ಎತ್ತರದ ವಸ್ತುವಿನ ನೆರಳು ಉತ್ತರಕ್ಕೆ ಸುಮಾರು ಎಂಟು ಅಡಿ ಚಾಚುತ್ತದೆ. ಮಧ್ಯಾಹ್ನ 3:25ಕ್ಕೆ ಅದೇ ನೆರಳು ಈಶಾನ್ಯದ ಕಡೆಗೆ ಹದಿನಾರು ಅಡಿ ಉದ್ದ ಇರುತ್ತದೆ.

ಇಲ್ಲಿ ನಮ್ಮ ಕಡೆಯ ಒಂದು ವಿಶೇಷ ಇದೆ. ವಾಸ್ತು ಪ್ರಕಾರ ಮೇಲಿನ ಟ್ಯಾಂಕು ನೈಋತ್ಯದಲ್ಲಿ ಇರಬೇಕು ಅಂತ ಹೆಚ್ಚಿನ ಮನೆಗಳಲ್ಲಿ ಅಲ್ಲೇ ಕಟ್ಟಿಸಿರುತ್ತಾರೆ. ನೈಋತ್ಯದ ಟ್ಯಾಂಕಿನ ನೆರಳು ಚಳಿಗಾಲದ ಬೆಳಿಗ್ಗೆ ಮನೆಯ ಆಚೆ ಬೀಳುತ್ತದೆ, ಮಧ್ಯಾಹ್ನದ ಮೇಲೆ ನೇರವಾಗಿ ಮಾಳಿಗೆಯ ನಡುವಿಗೆ ಬರುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಬಂದು ನೋಡಿ ಹೋದವರಿಗೂ ಇದು ಕಾಣುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಇರುವುದರಿಂದ ನೆರಳೇ ಮಸುಕು. ಆಕಾಶ ಸ್ವಚ್ಛವಾಗಿ, ಚೆನ್ನಾಗಿ ಉತ್ಪಾದನೆ ಬರಬೇಕಾದ ಡಿಸೆಂಬರ್, ಜನವರಿಯಲ್ಲೇ ಈ ನೆರಳು ಬಂದು ಕೂರುತ್ತದೆ.

ಒಂದು ಮನೆಯ ಲೆಕ್ಕ ಹಾಕಿ ತೋರಿಸುತ್ತೀರಾ?

ತೋರಿಸೋಣ. ವಿದ್ಯಾನಗರದ ಕಡೆ 30×40 ಸೈಟಿನ ಒಂದು ಮನೆ ಅಂದುಕೊಳ್ಳಿ. ಮಾಳಿಗೆ 25 ಅಡಿ ಅಗಲ, 35 ಅಡಿ ಉದ್ದ. ನೈಋತ್ಯ ಮೂಲೆಯಲ್ಲಿ ನಾಲ್ಕು ಅಡಿ ಕಟ್ಟೆಯ ಮೇಲೆ ಸಾವಿರ ಲೀಟರ್ ಟ್ಯಾಂಕು. ಅದರ ತಲೆ ಮಾಳಿಗೆಯಿಂದ ಎಂಟೂವರೆ ಅಡಿ ಮೇಲೆ. ಟ್ಯಾಂಕಿನಿಂದ ಉತ್ತರಕ್ಕೆ ನಾಲ್ಕು ಅಡಿ ಬಿಟ್ಟು, 540 ವ್ಯಾಟ್‌ನ ಆರು ಪ್ಯಾನೆಲ್‌ಗಳನ್ನು ಉದ್ದುದ್ದ ನಿಲ್ಲಿಸಿ, ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಸಾಲಾಗಿ ಹಾಕಿದ್ದಾರೆ. ಪ್ಯಾನೆಲ್‌ನ ಕೆಳ ಅಂಚು ಮಾಳಿಗೆಯಿಂದ ಎರಡು ಅಡಿ ಮೇಲಿದೆ. ಹಾಗಾಗಿ ಪ್ಯಾನೆಲ್‌ನ ಲೆಕ್ಕಕ್ಕೆ ಟ್ಯಾಂಕಿನ ಎತ್ತರ ಆರೂವರೆ ಅಡಿ.

ಡಿಸೆಂಬರ್‌ನಲ್ಲಿ 12:25ಕ್ಕೆ ನೆರಳು ಉತ್ತರಕ್ಕೆ ಐದು ಅಡಿ ಹೋಗುತ್ತದೆ. ಪಶ್ಚಿಮದ ತುದಿಯ ಪ್ಯಾನೆಲ್‌ನ ಕೆಳಗೆ ಒಂದು ಅಡಿ ಕತ್ತಲು. ಆಮೇಲೆ ನೆರಳು ಪೂರ್ವಕ್ಕೆ ಜರುಗುತ್ತಾ ಉದ್ದವಾಗುತ್ತದೆ. 3:25ರ ಹೊತ್ತಿಗೆ ಎರಡನೆಯ ಮತ್ತು ಮೂರನೆಯ ಪ್ಯಾನೆಲ್‌ಗಳ ಕೆಳಭಾಗದಲ್ಲಿ ಎರಡೂವರೆ ಅಡಿಯಷ್ಟು ಎತ್ತರಕ್ಕೆ ಓರೆಯಾಗಿ ಮಲಗಿರುತ್ತದೆ. ಒಟ್ಟು ಪ್ಯಾನೆಲ್ ವಿಸ್ತೀರ್ಣದಲ್ಲಿ ನೆರಳಿನ ಪಾಲು ಆರು ಪರ್ಸೆಂಟಿನ ಆಸುಪಾಸು.

ಆ ಹೊತ್ತಿನ ಬಿಸಿಲಿಗೆ ನೆರಳಿಲ್ಲದ ಸಾಲು ಸುಮಾರು 228 ವೋಲ್ಟ್, 7.5 ಆಂಪಿಯರ್, ಅಂದರೆ 1,700 ವ್ಯಾಟ್ ಕೊಡಬೇಕು. ನೆರಳು ಬಿದ್ದ ಎರಡು ಪ್ಯಾನೆಲ್‌ಗಳು 4.5 ಆಂಪಿಯರ್ ಮಾತ್ರ ಕೊಡಬಲ್ಲವು. ಈಗ ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯ ಎಸಿಗೆ ಬದಲಿಸುವ ಇನ್ವರ್ಟರ್ ಎದುರು ಎರಡೇ ದಾರಿ. ಮೊದಲನೆಯದು, ಆ ಎರಡನ್ನೂ ಡಯೋಡ್ ಮೂಲಕ ದಾಟಿ ನಾಲ್ಕು ಪ್ಯಾನೆಲ್‌ಗಳನ್ನೇ 7.5 ಆಂಪಿಯರ್‌ನಲ್ಲಿ ಓಡಿಸುವುದು. ಆಗ ವೋಲ್ಟೇಜ್ 150ಕ್ಕೆ ಇಳಿದು 1,120 ವ್ಯಾಟ್ ಸಿಗುತ್ತದೆ. ಎರಡನೆಯದು, ಆರನ್ನೂ ಉಳಿಸಿಕೊಂಡು ಇಡೀ ಸಾಲನ್ನು 4.5 ಆಂಪಿಯರ್‌ಗೆ ಇಳಿಸುವುದು. ಆಗ 1,050 ವ್ಯಾಟ್.

ಯಾವ ದಾರಿ ಹಿಡಿದರೂ ಆರು ಪರ್ಸೆಂಟ್ ನೆರಳಿಗೆ ಮೂವತ್ತೈದು ಪರ್ಸೆಂಟಿನಷ್ಟು ನಷ್ಟ. ಇದೇ ಜಾಗದಲ್ಲಿ ಹಳೆಯ ಮಾದರಿಯ ಪ್ಯಾನೆಲ್ ಇದ್ದು, ಇನ್ವರ್ಟರ್ ಎರಡನೆಯ ದಾರಿ ಹಿಡಿದಿದ್ದರೆ ಮುನ್ನೂರು ವ್ಯಾಟ್ ಕೂಡ ಸಿಗುತ್ತಿರಲಿಲ್ಲ.

ಈ ಮನೆಯಲ್ಲಿ ಡಿಸೆಂಬರ್‌ನಲ್ಲಿ ದಿನಕ್ಕೆ ಸುಮಾರು ಎರಡು ಯೂನಿಟ್ ಹೋಗುತ್ತದೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮೂರನೇ ವಾರದವರೆಗೆ ನೆರಳಿನ ಕಾಟ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಅದೇ ನೆರಳು ಉತ್ತರಕ್ಕೆ ಎರಡು ಅಡಿಯನ್ನೂ ದಾಟದು.

ನನಗೆ ಬೇಜಾರಾಗುವುದು ಇಲ್ಲೇ. ಮಾಳಿಗೆಯಲ್ಲಿ ಉತ್ತರಕ್ಕೆ ಇನ್ನೂ ಇಪ್ಪತ್ತಡಿ ಖಾಲಿ ಜಾಗ ಇದೆ. ಮೊದಲ ದಿನವೇ ಸಾಲನ್ನು ನಾಲ್ಕು ಅಡಿಗೆ ಬದಲು ಏಳು ಅಡಿ ದೂರಕ್ಕೆ ಹಾಕಿದ್ದರೆ ಮೂರೂವರೆ ಗಂಟೆವರೆಗೆ ಈ ನೆರಳು ಪ್ಯಾನೆಲ್ ಮುಟ್ಟುತ್ತಲೇ ಇರಲಿಲ್ಲ. ಮೂರು ಅಡಿ ಹೆಚ್ಚು ವೈರ್, ಅಷ್ಟೇ ಖರ್ಚು.

ಹಾಗಾದ್ರೆ ಟ್ಯಾಂಕಿನಿಂದ ಎಷ್ಟು ದೂರ ಬಿಡಬೇಕು?

ಪ್ಯಾನೆಲ್‌ನ ಕೆಳ ಅಂಚಿನಿಂದ ಮೇಲಕ್ಕೆ ಟ್ಯಾಂಕು ಎಷ್ಟು ಎತ್ತರ ಇದೆಯೋ ಅಷ್ಟು ಅಡಿ, ಮೇಲೆ ಇನ್ನರ್ಧ ಅಡಿ, ಉತ್ತರಕ್ಕೆ ಬಿಡಿ. ನಮ್ಮ ಊರಿಗೆ ಈ ಲೆಕ್ಕ ಡಿಸೆಂಬರ್‌ನಲ್ಲೂ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರು ಕಾಲಿನವರೆಗೆ ಸಾಕು. ಅದರಾಚೆಯ ಬಿಸಿಲಿನಲ್ಲಿ ಹೇಗೂ ಹೆಚ್ಚು ಯೂನಿಟ್ ಇಲ್ಲ. ಟ್ಯಾಂಕು ಮೆಟ್ಟಿಲ ಕೋಣೆಯ ಮೇಲಿದ್ದರೆ ಕೋಣೆಯ ಎತ್ತರವನ್ನೂ ಸೇರಿಸಿ ಅಳೆಯಿರಿ. ಹಲವರು ಟ್ಯಾಂಕನ್ನಷ್ಟೇ ಅಳೆಯುತ್ತಾರೆ.

ಇನ್ವರ್ಟರ್ ತಾನೇ ಒಳ್ಳೆಯ ದಾರಿ ಆರಿಸಿಕೊಳ್ಳುವುದಿಲ್ಲವೇ?

ಆರಿಸಿಕೊಳ್ಳಬೇಕು, ಆದರೆ ಎಲ್ಲವೂ ಆರಿಸಿಕೊಳ್ಳುವುದಿಲ್ಲ. ಇನ್ವರ್ಟರ್ ಒಳಗಿನ ಎಂಪಿಪಿಟಿ ಅನ್ನುವ ಭಾಗ ಸಾಲಿನ ವೋಲ್ಟೇಜನ್ನು ಒಂಚೂರು ಮೇಲೆ, ಒಂಚೂರು ಕೆಳಗೆ ಮಾಡಿ ನೋಡುತ್ತಾ ಹೆಚ್ಚು ವ್ಯಾಟ್ ಸಿಗುವ ಕಡೆ ಸರಿಯುತ್ತದೆ. ಸುತ್ತಲಿಗಿಂತ ಹೆಚ್ಚು ವ್ಯಾಟ್ ಸಿಗುವ ಜಾಗವೇ ಶಿಖರ. ನೆರಳಿಲ್ಲದಾಗ ಶಿಖರ ಒಂದೇ, ತೊಂದರೆಯಿಲ್ಲ. ನೆರಳು ಬಿದ್ದಾಗ ಎರಡು ಶಿಖರ ಆಗುತ್ತವೆ. ಒಂದು ಹೆಚ್ಚು ವೋಲ್ಟೇಜ್, ಕಡಿಮೆ ಕರೆಂಟಿನದು. ಇನ್ನೊಂದು ಕಡಿಮೆ ವೋಲ್ಟೇಜ್, ಪೂರ್ತಿ ಕರೆಂಟಿನದು. ನೆರಳು ಬರುವ ಮೊದಲು ಇನ್ವರ್ಟರ್ ಹೆಚ್ಚು ವೋಲ್ಟೇಜಿನ ಕಡೆಯೇ ಇತ್ತಲ್ಲ, ಅದು ಹತ್ತಿರದ ಶಿಖರಕ್ಕೇ ಅಂಟಿಕೊಳ್ಳಬಹುದು. ಆಚೆಯ ಶಿಖರ ಎತ್ತರವಾಗಿದ್ದರೂ ನಡುವಿನ ತಗ್ಗನ್ನು ದಾಟಿ ನೋಡುವುದಿಲ್ಲ.

ಇದಕ್ಕೆ ಹಲವು ಇನ್ವರ್ಟರ್‌ಗಳಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಕಂಪನಿಗೆ ತಕ್ಕಂತೆ Shadow Scan, Global MPPT, Multi-peak Scan ಅಂತ ಹೆಸರು. ಆನ್ ಮಾಡಿದರೆ ಇನ್ವರ್ಟರ್ ಆಗಾಗ ಪೂರ್ತಿ ವ್ಯಾಪ್ತಿಯನ್ನು ಒಮ್ಮೆ ತಡಕಿ ಎತ್ತರದ ಶಿಖರಕ್ಕೆ ಹೋಗುತ್ತದೆ. ಬಂದಾಗ ಇದು ಆಫ್ ಆಗಿರುವುದೂ ಉಂಟು. ಹಾಕಿದವರನ್ನು ಕೇಳಿ ಆನ್ ಮಾಡಿಸಿ, ದುಡ್ಡು ಖರ್ಚಿಲ್ಲ.

ಇನ್ನೊಂದು ತೊಡಕಿದೆ. ಪ್ರತಿ ಇನ್ವರ್ಟರ್‌ಗೂ ಇದಕ್ಕಿಂತ ಕೆಳಗಿನ ವೋಲ್ಟೇಜಿನಲ್ಲಿ ಓಡಲಾರೆ ಅನ್ನುವ ಮಿತಿ ಇರುತ್ತದೆ. ನಾಲ್ಕೇ ಪ್ಯಾನೆಲ್‌ನ ಚಿಕ್ಕ ಸಾಲಾಗಿದ್ದರೆ, ಎರಡನ್ನು ದಾಟಿದ ಮೇಲೆ ಉಳಿಯುವುದು 76 ವೋಲ್ಟ್. ಬೇಸಿಗೆಯ ಕಾವಿಗೆ ಅದೂ ಇಳಿಯುತ್ತದೆ. ಮಿತಿ 80 ಅಥವಾ 90 ವೋಲ್ಟ್ ಇದ್ದರೆ ಇನ್ವರ್ಟರ್‌ಗೆ ಆ ದಾರಿಯೇ ಮುಚ್ಚಿತು. ಆಗ ಇಡೀ ಸಾಲು ನೆರಳಿನ ಪ್ಯಾನೆಲ್‌ನ ಮಟ್ಟಕ್ಕೇ ಇಳಿಯಬೇಕಾಗುತ್ತದೆ.

ನಮ್ಮ ಇನ್ವರ್ಟರ್ ಹೀಗೆ ಸಿಕ್ಕಿಕೊಂಡಿದೆಯೇ ಅಂತ ಮನೆಯಲ್ಲೇ ನೋಡಬಹುದೇ?

ನೋಡಬಹುದು. ಮೋಡವಿಲ್ಲದ ದಿನ, ಎಲ್ಲೂ ನೆರಳಿಲ್ಲದ ಹೊತ್ತಿನಲ್ಲಿ ಇನ್ವರ್ಟರ್‌ನ ಆ್ಯಪ್‌ನಲ್ಲಿ ವ್ಯಾಟ್ ಎಷ್ಟಿದೆ ಅಂತ ಬರೆದುಕೊಳ್ಳಿ. ಒಂದು ಹಾಫ್ ಕಟ್ ಪ್ಯಾನೆಲ್‌ನ ಕೆಳಗಿನ ಅರ್ಧಕ್ಕೆ ಮಾತ್ರ ದಪ್ಪ ಕಂಬಳಿ ಅಥವಾ ರಟ್ಟು ಮುಚ್ಚಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಆರು ಪ್ಯಾನೆಲ್‌ನ ಸಾಲಿನಲ್ಲಿ ಆರನೇ ಒಂದು ಭಾಗದಷ್ಟು ಕಡಿಮೆಯಾದರೆ ಇನ್ವರ್ಟರ್ ಸರಿಯಾದ ಶಿಖರ ಹುಡುಕಿಕೊಂಡಿದೆ. ಹತ್ತಿರ ಹತ್ತಿರ ಅರ್ಧಕ್ಕೆ ಇಳಿದು ಅಲ್ಲೇ ನಿಂತರೆ ಸಿಕ್ಕಿಕೊಂಡಿದೆ.

ಪ್ಯಾನೆಲ್ ಪೂರ್ತಿ ಮುಚ್ಚಬೇಡಿ. ಪೂರ್ತಿ ಮುಚ್ಚಿದರೆ ಡಯೋಡ್ ದಾಟುವುದೊಂದೇ ದಾರಿ ಉಳಿಯುತ್ತದೆ, ಪರೀಕ್ಷೆಗೆ ಅರ್ಥವಿಲ್ಲ. ಪ್ಯಾನೆಲ್ ಮೇಲೆ ಕಾಲಿಡಬೇಡಿ. ಬಿಸಿಲಿರುವಾಗ ಪ್ಯಾನೆಲ್‌ನ ವೈರ್ ಕನೆಕ್ಟರ್ ಎಳೆಯಲೇಬೇಡಿ. ಅಲ್ಲಿರುವುದು ಡಿಸಿ, ಕಿಡಿ ಹೊತ್ತಿದರೆ ತಾನಾಗಿ ಆರುವುದಿಲ್ಲ.

ಆ್ಯಪ್ ನೋಡಿ ನೆರಳೋ ಧೂಳೋ ಅಂತ ಹೇಗೆ ತಿಳಿಯೋದು?

ದಿನದ ಗ್ರಾಫ್ ತೆಗೆಯಿರಿ. ಸ್ವಚ್ಛ ದಿನದಲ್ಲಿ ಅದು ಗುಡ್ಡದ ಹಾಗೆ ನಯವಾಗಿ ಏರಿ ಇಳಿಯಬೇಕು. ದಿನಾ ಅದೇ ಹೊತ್ತಿಗೆ ಕಚ್ಚಿದಂತೆ ಒಂದು ತಗ್ಗು ಕಂಡರೆ ಅದು ನೆರಳು. ವಾರಗಳು ಕಳೆದಂತೆ ಆ ತಗ್ಗು ನಿಧಾನವಾಗಿ ಜರುಗುತ್ತದೆ. ಮೋಡದ ತಗ್ಗು ದಿನಕ್ಕೊಂದು ಕಡೆ ಇರುತ್ತದೆ. ಧೂಳಾದರೆ ತಗ್ಗೇ ಇರುವುದಿಲ್ಲ, ಇಡೀ ಗುಡ್ಡವೇ ಸ್ವಲ್ಪ ಕುಳ್ಳಗಾಗುತ್ತದೆ.

ನಂತರ ಸ್ಟ್ರಿಂಗ್‌ನ ವೋಲ್ಟೇಜ್, ಕರೆಂಟು ನೋಡಿ. ಕೆಲವು ಆ್ಯಪ್‌ಗಳಲ್ಲಿ Vpv1, Ipv1 ಅಂತ ಇರುತ್ತವೆ. ತಗ್ಗಿನ ಹೊತ್ತಿನಲ್ಲಿ ವೋಲ್ಟೇಜ್ ಮೆಟ್ಟಿಲಿಳಿದಂತೆ ಇಳಿದು ಕರೆಂಟು ಹಾಗೇ ಇದ್ದರೆ ಡಯೋಡ್‌ಗಳು ಕೆಲಸ ಮಾಡುತ್ತಿವೆ. ವೋಲ್ಟೇಜ್ ಹಾಗೇ ಇದ್ದು ಕರೆಂಟು ಬಿದ್ದರೆ ಇಡೀ ಸಾಲನ್ನು ನೆರಳು ಎಳೆದಿಟ್ಟುಕೊಂಡಿದೆ. ಇಡೀ ದಿನ, ನೆರಳಿಲ್ಲದಾಗಲೂ, ವೋಲ್ಟೇಜ್ ಮೊದಲಿಗಿಂತ ಹನ್ನೆರಡು ಹದಿಮೂರು ವೋಲ್ಟ್ ಕಡಿಮೆಯೇ ಇದ್ದರೆ ಒಂದು ಡಯೋಡ್ ಶಾರ್ಟ್ ಆಗಿರಬಹುದು. ಆಗ ಆ ಪ್ಯಾನೆಲ್‌ನ ಮೂರನೇ ಒಂದು ಭಾಗ ಬಿಸಿಲಲ್ಲೂ ಕೆಲಸಕ್ಕಿಲ್ಲ. ವಾರಂಟಿಯಲ್ಲಿ ಕೇಳಿ.

ಪಕ್ಕದ ಮನೆಯ ಬೇವಿನ ಮರ, ತೆಂಗಿನ ಮರ ಇದ್ದರೆ?

ಮರದ ನೆರಳು ಟ್ಯಾಂಕಿನ ಹಾಗಲ್ಲ. ದೂರದ ಮರದ ಎಲೆಗಳ ನಡುವೆ ಬಿಸಿಲು ತೂರಿ ಬರುತ್ತದೆ, ನೆರಳು ಮಸುಕು. ಆದರೆ ಅದು ಅಗಲ, ಒಂದೇ ಹೊತ್ತಿಗೆ ಮೂರು ನಾಲ್ಕು ಪ್ಯಾನೆಲ್‌ಗಳನ್ನು ಮುಟ್ಟುತ್ತದೆ. ಅಷ್ಟು ಪ್ಯಾನೆಲ್‌ಗಳನ್ನು ಡಯೋಡ್ ದಾಟಿದರೆ ಉಳಿಯುವುದೇನು? ಹಾಗಾಗಿ ಇಡೀ ಸಾಲು ಕಡಿಮೆ ಕರೆಂಟಿನಲ್ಲೇ ಓಡುತ್ತದೆ. ತೆಂಗಿನ ಗರಿ ಗಾಳಿಗೆ ಓಲಾಡುವಾಗ ಶಿಖರವೂ ಓಲಾಡುತ್ತದೆ, ಇನ್ವರ್ಟರ್ ಅದರ ಹಿಂದೆ ಓಡುತ್ತಲೇ ಇರುತ್ತದೆ. ಗ್ರಾಫ್‌ನಲ್ಲಿ ಇದು ಗರಗಸದ ಹಲ್ಲಿನ ಥರ ಕಾಣುತ್ತದೆ.

ಮರ ಬೆಳೆಯುತ್ತದೆ ಅನ್ನೋದನ್ನು ಮರೆಯಬೇಡಿ. ಈ ವರ್ಷ ಸಂಜೆ ನಾಲ್ಕೂವರೆಗೆ ಬರುವ ನೆರಳು ಮೂರ್ನಾಲ್ಕು ವರ್ಷದಲ್ಲಿ ಮೂರು ಗಂಟೆಗೇ ಬರಬಹುದು. ಪ್ಯಾನೆಲ್ ಇಪ್ಪತ್ತೈದು ವರ್ಷದ ಮಾತು.

ಮರ ಕಡಿಯುವ ಯೋಚನೆ ಮೊದಲೇ ಬೇಡ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ನಮ್ಮದೇ ಜಾಗದ ಮರವಾದರೂ ಅನೇಕ ಜಾತಿಗಳಿಗೆ ಅನುಮತಿ ಬೇಕು. ನೆರೆಯವರ ಒಪ್ಪಿಗೆಯಿಂದ ನಮ್ಮ ಕಡೆ ಚಾಚಿದ ಕೊಂಬೆಯನ್ನು ಅಕ್ಟೋಬರ್‌ಗೆ ಮೊದಲು ಸವರಿಸಿದರೆ ಎಷ್ಟೋ ಸಾರಿ ಅಷ್ಟೇ ಸಾಕಾಗುತ್ತದೆ. ಬೇವು ನೆರಳು ಕೊಟ್ಟು ಮನೆ ತಂಪಾಗಿಡುವುದಕ್ಕೂ ಬೆಲೆ ಇದೆ. ನಾನಾದರೆ ಪ್ಯಾನೆಲ್ ಜರುಗಿಸುತ್ತೇನೆ.

ಕೇಬಲ್ ತಂತಿ, ಕೈಕಂಬಿಯ ಪೈಪು ಕೂಡ ತೊಂದರೆಯೇ?

ಅದು ಎಷ್ಟು ದೂರ ಇದೆ ನೋಡಿ. ಒಂದು ಸೆಂಟಿಮೀಟರ್ ದಪ್ಪದ ತಂತಿ ಒಂದು ಮೀಟರ್‌ಗಿಂತ ದೂರ ಇದ್ದರೆ ಅದರ ನೆರಳು ಚದುರಿ ಮಸುಕಾಗುತ್ತದೆ, ಚಿಂತೆ ಬೇಡ. ಒಂದಿಂಚಿನ ಪೈಪು ಎರಡೂವರೆ ಮೀಟರ್ ಒಳಗಿದ್ದರೆ ಕಪ್ಪು ನೆರಳು ಬೀಳುತ್ತದೆ. ಪ್ಯಾನೆಲ್‌ಗೆ ತೀರಾ ಹತ್ತಿರ ನಿಲ್ಲಿಸಿದ ಸಿಡಿಲು ತಡೆ ಕಂಬಿಯೂ ಹೀಗೆಯೇ. ಅದನ್ನು ಸಾಲಿನ ಉತ್ತರಕ್ಕೆ ಹಾಕಿಸಿ.

ನೆರಳಿನಿಂದ ಪ್ಯಾನೆಲ್ ಹಾಳಾಗುತ್ತದೆಯೇ?

ಡಯೋಡ್ ಸರಿಯಿದ್ದರೆ ಓಡಾಡುವ ಟ್ಯಾಂಕಿನ ನೆರಳಿನಿಂದ ದೊಡ್ಡ ಹಾನಿಯಿಲ್ಲ. ತೊಂದರೆ ಇರುವುದು ಅಂಟಿಕೊಂಡ ಸಣ್ಣ ನೆರಳಿನಿಂದ. ಪಾರಿವಾಳದ ಹಿಕ್ಕೆ, ಮಳೆಗೆ ಅಂಟಿ ಒಣಗಿದ ಎಲೆ ಒಂದೇ ಸೆಲ್ ಮೇಲೆ ದಿನಗಟ್ಟಲೆ ಕೂತರೆ ಆ ಸೆಲ್ ಕರೆಂಟು ಕೊಡುವ ಬದಲು ನುಂಗಿ ಬಿಸಿಯಾಗುತ್ತದೆ. ಕ್ರಮೇಣ ಕಂದು ಕಲೆ ಬೀಳುತ್ತದೆ. ಮರದ ಕೆಳಗಿನ ಪ್ಯಾನೆಲ್‌ಗಳನ್ನು ಉಳಿದವಕ್ಕಿಂತ ಬೇಗ ಬೇಗ ತೊಳೆಯಬೇಕು.

ಈಗಾಗಲೇ ಹಾಕಿಸಿ ಆಗಿದೆ. ಏನು ಮಾಡಬಹುದು?

ಮೇಲಿನ ಮನೆಯನ್ನೇ ತೆಗೆದುಕೊಳ್ಳಿ. ಮೊದಲು ಸೆಟ್ಟಿಂಗ್. ಅದಾದ ಮೇಲೆ ಸಾಲನ್ನು ಮೂರು ಅಡಿ ಉತ್ತರಕ್ಕೆ ಜರುಗಿಸುವುದು ನನ್ನ ಮೊದಲ ಆಯ್ಕೆ. ಕಾಲುಗಳನ್ನು ಮಾಳಿಗೆಗೆ ಬೋಲ್ಟ್ ಹಾಕಿದ್ದರೆ ಹಳೆಯ ತೂತುಗಳಿಗೆ ನೀರು ಇಳಿಯದಂತೆ ಮುಚ್ಚಿಸಬೇಕು.

ಟ್ಯಾಂಕಿನ ಕಟ್ಟೆಯನ್ನು ಎರಡೂವರೆ ಅಡಿ ಇಳಿಸಿದರೂ 3:25ಕ್ಕೆ ನೆರಳು ಪ್ಯಾನೆಲ್‌ನ ಅಂಚಿಗೆ ಬಂದು ನಿಲ್ಲುತ್ತದೆ. ಆದರೆ ಮೇಲಿನ ಮಹಡಿಯ ಬಾತ್‌ರೂಮಿನಲ್ಲಿ ನೀರಿನ ಒತ್ತಡ ಕಡಿಮೆಯಾಗುತ್ತದೆ, ಮನೆಯವರನ್ನು ಕೇಳದೆ ಕೈಹಾಕಬೇಡಿ. ಟ್ಯಾಂಕನ್ನು ವಾಯವ್ಯಕ್ಕೆ ಸಾಗಿಸಲು ಮನೆಯಲ್ಲಿ ಒಪ್ಪಿದರೆ ಚಳಿಗಾಲದ ನೆರಳು ಪೂರ್ತಿ ಹೋಯಿತು. ಜೂನ್‌ನಲ್ಲಿ ಅದರ ನೆರಳು ದಕ್ಷಿಣಕ್ಕೆ ಎರಡಡಿ ಬರುತ್ತದೆ, ಅಷ್ಟು ಜಾಗ ಬಿಟ್ಟರಾಯಿತು.

ಯಾವುದೂ ಆಗದಿದ್ದರೆ ಆಪ್ಟಿಮೈಸರ್. ಪ್ಯಾನೆಲ್‌ನ ಹಿಂದೆ ಕೂರುವ ಸಣ್ಣ ಪೆಟ್ಟಿಗೆ ಅದು. ನೆರಳಿನ ಪ್ಯಾನೆಲ್ ಕೊಡುವಷ್ಟನ್ನು ಸಾಲಿನ ಕರೆಂಟಿಗೆ ಹೊಂದಿಸಿ ಕೊಡುತ್ತದೆ. 3:25ರ ನಮ್ಮ ಲೆಕ್ಕದಲ್ಲಿ 1,120 ವ್ಯಾಟ್ ಇದ್ದದ್ದು 1,450ರ ಆಸುಪಾಸಿಗೆ ಏರುತ್ತದೆ, 1,700 ಆಗುವುದಿಲ್ಲ. ನೆರಳನ್ನು ಅದು ಬಿಸಿಲು ಮಾಡಲಾರದು. ಕೊಳ್ಳುವ ಮೊದಲು ನಿಮ್ಮ ಇನ್ವರ್ಟರ್‌ಗೆ ಹೊಂದುತ್ತದೆಯೇ, ಆರಕ್ಕೂ ಬೇಕೋ ಎರಡಕ್ಕೆ ಸಾಕೋ ಅಂತ ಬರವಣಿಗೆಯಲ್ಲಿ ಕೇಳಿ.

ಆರನ್ನು ಮೂರು ಮೂರಾಗಿ ಎರಡು ಸಾಲು ಮಾಡಿದರೆ?

ಇನ್ವರ್ಟರ್‌ನಲ್ಲಿ ಎರಡು ಬೇರೆ ಬೇರೆ ಎಂಪಿಪಿಟಿ ಇದ್ದರೆ ಒಳ್ಳೆಯ ದಾರಿ. ನೆರಳು ಬೀಳುವ ಪಶ್ಚಿಮದ ಮೂರು ಒಂದು ಕಡೆ, ಪೂರ್ವದ ಮೂರು ಇನ್ನೊಂದು ಕಡೆ. ಪೂರ್ವದ ಮೂರಕ್ಕೆ ನೆರಳಿನ ಸುದ್ದಿಯೇ ತಟ್ಟುವುದಿಲ್ಲ. ಆದರೆ ಮೂರು ಪ್ಯಾನೆಲ್‌ಗೆ 114 ವೋಲ್ಟ್ ಮಾತ್ರ, ಇನ್ವರ್ಟರ್ ಶುರುವಾಗಲು ಬೇಕಾದ ವೋಲ್ಟೇಜ್ ಅದಕ್ಕಿಂತ ಕಡಿಮೆ ಇರಬೇಕು. ಮೂರು ಕಿಲೋವ್ಯಾಟ್‌ನ ಎಷ್ಟೋ ಇನ್ವರ್ಟರ್‌ಗಳಲ್ಲಿ ಎಂಪಿಪಿಟಿ ಒಂದೇ ಇರುತ್ತದೆ. ಅಂಥದ್ದರಲ್ಲಿ ಎರಡು ಸಾಲನ್ನು ಒಂದೇ ಬಾಯಿಗೆ ಸೇರಿಸಿದರೆ ವೋಲ್ಟೇಜ್ ಕಡಿಮೆಯಾದ ಸಾಲು ಇನ್ನೊಂದನ್ನೂ ಎಳೆಯುತ್ತದೆ, ಹೋದ ಪುಟ್ಟ ಬಂದ ಪುಟ್ಟ ಅಂತಾಗುತ್ತದೆ. ಇನ್ವರ್ಟರ್ ಮೇಲಿನ ಸ್ಟಿಕ್ಕರ್ ಅಥವಾ ಡೇಟಾಶೀಟ್ ನೋಡಿ, ಎಂಪಿಪಿಟಿ ಎಷ್ಟು, ಕನಿಷ್ಠ ವೋಲ್ಟೇಜ್ ಎಷ್ಟು ಅಂತ ಖಚಿತ ಮಾಡಿಕೊಂಡ ಮೇಲೆ ವೈರ್ ಬದಲಾಯಿಸಿ.